ಕೀಬೋರ್ಡ್ ತಡವರಿಸಿದರೆ ತಪ್ಪು ಯಾರದು?

ಬೆರಳು ಒತ್ತಿ ಆಗಿದೆ, ಅಕ್ಷರ ಇನ್ನೂ ಬಂದಿಲ್ಲ. ಮತ್ತೆ ಮೂರು ಸಲ ಒತ್ತಿದ ಮೇಲೆ ನಾಲ್ಕೂ ಅಕ್ಷರಗಳು ಒಟ್ಟಿಗೇ ಬಂದು ಬೀಳುತ್ತವೆ. ಹಳೆಯದಾದ ಆಂಡ್ರಾಯ್ಡ್ ಫೋನ್ ಬಳಸುವ ಬಹಳ ಮಂದಿಗೆ ಇದು ದಿನನಿತ್ಯದ ಕಿರಿಕಿರಿ. ಕೇಳಿದರೆ ಎಲ್ಲರೂ ಹೇಳುವ ಮದ್ದು ಒಂದೇ: ಕ್ಯಾಶ್ ತೆಗೆಯಿರಿ, ಆಗದಿದ್ದರೆ ಬೇರೆ ಕೀಬೋರ್ಡ್ ಹಾಕಿಕೊಳ್ಳಿ.

ಆದರೆ ಆ ಅಕ್ಷರ ಪರದೆಗೆ ಬರುವುದು ಕೀಬೋರ್ಡ್ ಒಂದರಿಂದಲೇ ಅಲ್ಲ. ಆಂಡ್ರಾಯ್ಡ್‌ನಲ್ಲಿ ಕೀಬೋರ್ಡ್ ಎಂಬುದು ಪ್ರತ್ಯೇಕ ಆ್ಯಪ್. ಅದು ಬೆರಳಿನ ಒತ್ತನ್ನು ಅಕ್ಷರವಾಗಿಸಿ, ಮುಂದಿನ ಪದವನ್ನು ಊಹಿಸಿ, ಫಲಿತಾಂಶವನ್ನು ವಾಟ್ಸಾಪ್‌ಗೋ ಬ್ರೌಸರ್‌ಗೋ ದಾಟಿಸುತ್ತದೆ. ಅದನ್ನು ಪರದೆಯ ಮೇಲೆ ಬರೆಯುವುದು ಆ ಇನ್ನೊಂದು ಆ್ಯಪ್. ಅದು ಬೇರೆ ಕೆಲಸದಲ್ಲಿ ಮುಳುಗಿದ್ದರೆ ಅಕ್ಷರ ಅಲ್ಲೇ ಕಾಯುತ್ತದೆ, ಬೈಗುಳ ಮಾತ್ರ ಕೀಬೋರ್ಡ್‌ಗೆ ಬೀಳುತ್ತದೆ. ಸ್ಪರ್ಶಕ್ಕೆ ಸುಮಾರು 5 ಸೆಕೆಂಡ್ ಉತ್ತರ ಬಾರದಿದ್ದಾಗ ಆಂಡ್ರಾಯ್ಡ್ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಸೂಚನೆ ತೋರಿಸುತ್ತದೆ. ಅದರಲ್ಲಿ ಯಾವ ಆ್ಯಪ್‌ನ ಹೆಸರಿದೆ ಎಂದು ಓದಿಕೊಂಡರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕನ್ನಡ ಟೈಪಿಂಗ್‌ಗೆ ಇನ್ನೂ ಒಂದಿಷ್ಟು ಕೆಲಸ ಹೆಚ್ಚು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಫೋನಿನ ಒಳಗೆ ಆರು ಸಂಕೇತಗಳು. namaskara ಎಂದು ಬರೆದು ‘ನಮಸ್ಕಾರ’ ಪಡೆಯುವ ವಿಧಾನದಲ್ಲಂತೂ ಪ್ರತಿ ಒತ್ತಿಗೂ ಹೊಸ ಊಹೆ ನಡೆಯಬೇಕು. ಹೊಸ ಫೋನಿಗೆ ಇದು ಲೆಕ್ಕಕ್ಕಿಲ್ಲದ ಹೊರೆ. ರ್‍ಯಾಮ್ ಕಡಿಮೆಯಿರುವ ಫೋನಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ.

ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. 3 ಜಿಬಿ ರ್‍ಯಾಮ್, 32 ಜಿಬಿ ಜಾಗದ ಫೋನ್. ಒಡತಿ ಶಾಲಾ ಶಿಕ್ಷಕಿ. ಹತ್ತಾರು ವಾಟ್ಸಾಪ್ ಗುಂಪುಗಳು. ಖಾಲಿ ಉಳಿದಿರುವುದು ಅರ್ಧ ಜಿಬಿ. ಗುಂಪಿಗೆ ಸೂಚನೆ ಬರೆಯುವಾಗ ಕೀಬೋರ್ಡ್ ನಿಂತೇ ಹೋಗುತ್ತದೆ. ಮೊದಲು ಆಕೆ ಮಾಡಬೇಕಾದದ್ದು ಅದೇ ಸಾಲನ್ನು ನೋಟ್ಸ್ ಆ್ಯಪ್‌ನಲ್ಲಿ ಬರೆದು ನೋಡುವುದು. ಅಲ್ಲಿ ಸರಾಗವಾಗಿ ಬಂದರೆ ತೊಂದರೆ ವಾಟ್ಸಾಪ್‌ನದು, ಕೀಬೋರ್ಡ್ ಬದಲಿಸಿ ಪ್ರಯೋಜನವಿಲ್ಲ. ಇಲ್ಲಿ ನೋಟ್ಸ್‌ನಲ್ಲೂ ತಡವರಿಸುತ್ತದೆ.

ಮುಂದಿನದು ಕ್ಯಾಶ್. Settings, Apps, Gboard, Storage & cache ಎಂದು ಹೋದರೆ ಎರಡು ಗುಂಡಿಗಳು ಕಾಣುತ್ತವೆ; ಫೋನಿಂದ ಫೋನಿಗೆ ಹೆಸರು ತುಸು ಬೇರೆಯಿರಬಹುದು. Clear cache ಒತ್ತಿದರೆ ತಾತ್ಕಾಲಿಕ ಕಡತಗಳಷ್ಟೇ ಹೋಗುತ್ತವೆ, ಕಲಿತ ಪದಗಳು ಉಳಿಯುತ್ತವೆ. ಅಪಾಯವಿಲ್ಲ. ಕಡತವೊಂದು ಕೆಟ್ಟು ಕೂತಿದ್ದರೆ ಇದರಿಂದ ಗುಣ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಪಕ್ಕದ Clear storage ಬೇರೆಯೇ ಸಂಗತಿ. ಕೀಬೋರ್ಡ್ ಕಲಿತ ಊರು, ಮನೆತನ, ಮಕ್ಕಳ ಹೆಸರುಗಳೆಲ್ಲ ಅಳಿಯಬಹುದು. ಕನ್ನಡ ವಿನ್ಯಾಸವನ್ನೂ ಮತ್ತೆ ಸೇರಿಸಿಕೊಳ್ಳಬೇಕಾಗಬಹುದು. ಅವಸರದಲ್ಲಿ ಇದನ್ನು ಒತ್ತಿ ಪರದಾಡುವವರು ಕಡಿಮೆಯಿಲ್ಲ.

ಶಿಕ್ಷಕಿಯ ಫೋನಿನಲ್ಲಿ ಕ್ಯಾಶ್ ತೆಗೆದರೂ ಹೆಚ್ಚಿನ ಬದಲಾವಣೆ ಇಲ್ಲ. ಆಗ ಎರಡನೇ ಕೀಬೋರ್ಡ್ ಹಾಕಿ ನೋಡಬೇಕು, ಆದರೆ ಪರೀಕ್ಷೆಗಾಗಿ. ಅದು ಚುರುಕಾಗಿ ಓಡಿದರೆ ಮೊದಲಿನದರಲ್ಲೇ ದೋಷ. ಆಗ ಅದನ್ನು ಅಪ್‌ಡೇಟ್ ಮಾಡಿ, ಸ್ಟಿಕ್ಕರ್ ಸಲಹೆಯಂಥ ಬೇಡದ ಸೌಲಭ್ಯಗಳನ್ನು ಆರಿಸಿ ನೋಡಬಹುದು. Clear storage ಕೊನೆಯ ಅಸ್ತ್ರ. ಹೊಸದೂ ತಡವರಿಸಿದರೆ ಎರಡೂ ಕೀಬೋರ್ಡ್‌ಗಳು ನಿರಪರಾಧಿಗಳು, ಬಳಲಿರುವುದು ಫೋನ್. ಈ ಪ್ರಸಂಗದಲ್ಲಿ ಆಗುವುದು ಅದೇ. ಸಂಗ್ರಹ ತುಂಬಿ ತುಳುಕುವಾಗ ಫೋನ್ ಬರೆಯುವ ವೇಗ ಕುಗ್ಗುತ್ತದೆ, ರ್‍ಯಾಮ್ ಸಾಲದಾದಾಗ ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚಿ ಮತ್ತೆ ತೆರೆಯುವುದರಲ್ಲೇ ಅದು ಏದುಸಿರು ಬಿಡುತ್ತದೆ. ವಾಟ್ಸಾಪ್‌ನ Manage storage ತೆರೆದು ಗುಂಪುಗಳಿಂದ ಬಂದ ಹಳೆಯ ವಿಡಿಯೊಗಳನ್ನು ಅಳಿಸಿ, ನಾಲ್ಕೈದು ಜಿಬಿ ಬಿಡಿಸಿಕೊಂಡು, ಫೋನನ್ನು ರೀಸ್ಟಾರ್ಟ್ ಮಾಡುವುದೇ ಆಕೆಗಿರುವ ನಿಜವಾದ ದಾರಿ.

ಐಫೋನಿನಲ್ಲಿ ಕೀಬೋರ್ಡ್‌ಗೆಂದೇ ಕ್ಯಾಶ್ ತೆಗೆಯುವ ಗುಂಡಿ ಇಲ್ಲ. ಅಲ್ಲಿ ರೀಸ್ಟಾರ್ಟ್ ಮಾಡಬೇಕು, ಅದಕ್ಕೂ ಬಗ್ಗದಿದ್ದರೆ Reset Keyboard Dictionary. ಇದರಿಂದಲೂ ಕಲಿತ ಪದಗಳು ಹೋಗುತ್ತವೆ.

ಹೊಸ ಕೀಬೋರ್ಡ್ ಆರಿಸುವಾಗ ಆಂಡ್ರಾಯ್ಡ್ ಒಂದು ಎಚ್ಚರಿಕೆ ತೋರಿಸುತ್ತದೆ: ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಸೇರಿ ನೀವು ಟೈಪಿಸಿದ್ದನ್ನೆಲ್ಲ ಈ ಆ್ಯಪ್ ಸಂಗ್ರಹಿಸಬಲ್ಲದು ಎಂದು. ಬಹುಪಾಲು ಜನ ಓದದೆಯೇ ಸರಿ ಎಂದು ಒತ್ತಿಬಿಡುತ್ತಾರೆ. ಪರೀಕ್ಷೆಗೆಂದು ಹಾಕಿಕೊಂಡ, ತಯಾರಕರು ಯಾರೆಂದೇ ಗೊತ್ತಿಲ್ಲದ ಕೀಬೋರ್ಡ್‌ನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಟೈಪಿಸಬೇಡಿ. ಪರೀಕ್ಷೆ ಮುಗಿದ ಕೂಡಲೇ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ.