ರಕ್ಷಣೆ ಮತ್ತು ಮೋಕ್ಷ

ಕ್ರೈಸ್ತರು ಹೇಳುವ ರಕ್ಷಣೆಯೂ ಭಾರತೀಯ ದರ್ಶನಗಳ ಮೋಕ್ಷವೂ ಒಂದೇ ಅಲ್ಲವೇ?

ಅಲ್ಲ. ಯಾವುದರಿಂದ ಬಿಡುಗಡೆ ಎಂಬಲ್ಲೇ ವ್ಯತ್ಯಾಸ ಶುರುವಾಗುತ್ತದೆ. ಕ್ರೈಸ್ತರಿಗೆ ಬಂಧನವೆಂದರೆ ಪಾಪ, ಅಂದರೆ ದೇವರೊಂದಿಗೆ ಮುರಿದ ಸಂಬಂಧ. ನಾವು ತೀರಿಸಲಾಗದ ಸಾಲವನ್ನು ಬೇರೊಬ್ಬರು ತೀರಿಸಿದಂತೆ, ಯೇಸುವಿನ ಶಿಲುಬೆ ಮರಣದಿಂದ ಕ್ಷಮೆ ದೊರೆಯುತ್ತದೆ. ಅದು ಗಳಿಕೆಯಲ್ಲ, ಕೃಪೆ. ಮನುಷ್ಯ ಸ್ವಪ್ರಯತ್ನದಿಂದಲೇ ಪಾಪವಿಲ್ಲದೆ ಬಾಳಬಲ್ಲ ಎಂದ ಪೆಲೇಜಿಯಸ್‌ನನ್ನು 5ನೇ ಶತಮಾನದಲ್ಲಿ ಅಗಸ್ಟೀನ್ ವಿರೋಧಿಸಿದ್ದು ಇದಕ್ಕೇ: ಒಳಿತನ್ನು ಬಯಸುವುದಕ್ಕೂ ಕೃಪೆ ಬೇಕೆಂಬುದು ಅವನ ವಾದ.

ಶಂಕರರ ಅದ್ವೈತದಲ್ಲಿ ಬಂಧನವೆಂದರೆ ಅವಿದ್ಯೆ. ಸಾಲವೇ ಇರಲಿಲ್ಲ, ಲೆಕ್ಕವನ್ನು ತಪ್ಪಾಗಿ ಓದಿದ್ದೆವು ಎಂದು ಗೊತ್ತಾದಂತೆ, ಆತ್ಮವೇ ಬ್ರಹ್ಮವೆಂಬ ಅರಿವೇ ಮೋಕ್ಷ.

ಮಧ್ವರಲ್ಲಾದರೋ ಜ್ಞಾನ, ಭಕ್ತಿಗಳಿದ್ದರೂ ವಿಷ್ಣುವಿನ ಪ್ರಸಾದವಿಲ್ಲದೆ ಬಿಡುಗಡೆಯಿಲ್ಲ. ಇಲ್ಲಿ ಕೃಪೆಯಿದೆ, ಆದರೆ ಅದು ಕಳಚುವುದು ಅನಾದಿಯಾದ ಅವಿದ್ಯೆ, ಕರ್ಮಗಳ ಬಂಧವನ್ನು. ಶಿಲುಬೆಯಂಥ ಚಾರಿತ್ರಿಕ ಘಟನೆಯೊಂದನ್ನು ಅದು ಆಧರಿಸಿಲ್ಲ.