ತೊಂಬತ್ತು ಪರ್ಸೆಂಟ್ ಸರಿ, ಯಾವ ನೂರಕ್ಕೆ?

ಆರು ತಿಂಗಳಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ. ತೊಂಬತ್ತು ಪರ್ಸೆಂಟ್ ಪ್ಲೇಸ್‌ಮೆಂಟ್. ಈಗ ಸೇರಿ, ಕಂತಿನಲ್ಲಿ ಕಟ್ಟಿ. ಈ ಜಾಹೀರಾತು ನೋಡದೇ ಇರೋ ಫೋನ್ ಕರ್ನಾಟಕದಲ್ಲಿ ಇದೆಯಾ ಹೇಳಿ? ಮನೆಯಲ್ಲಿ ಓದೋ ಮಕ್ಕಳಿದ್ದರಂತೂ ಮುಗೀತು. ಅಪ್ಪ-ಅಮ್ಮನ ತಲೆಯಲ್ಲಿ ಒಂದೇ ಪ್ರಶ್ನೆ. ಆರು ತಿಂಗಳಲ್ಲಿ ಆಗೋ ಕೆಲಸಕ್ಕೆ ಮೂರು ವರ್ಷ, ನಾಲ್ಕು ವರ್ಷ ಡಿಗ್ರಿ ಯಾಕೆ? ಅಷ್ಟಕ್ಕೂ ಯೂಟ್ಯೂಬ್‌ನಲ್ಲೇ ಎಲ್ಲಾ ಪುಕ್ಕಟೆ ಸಿಗುತ್ತಂತಲ್ಲ, ಹಾಗಾದರೆ ಬೂಟ್‌ಕ್ಯಾಂಪಿಗೆ ಲಕ್ಷ ಲಕ್ಷ ಯಾಕೆ?

ಪ್ರಶ್ನೆ ಸರಿಯಾಗೇ ಇದೆ. ಆದರೆ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗೋದೇ ತಪ್ಪು. ಯಾಕಂದ್ರೆ ಮೂರೂ ಮಾರೋದು ಬೇರೆ ಬೇರೆ ಸರಕು. ಡಿಗ್ರಿ ಕೊಡೋದು ಅರ್ಹತೆ, ಅಂದರೆ ಅರ್ಜಿ ಹಾಕೋ ಹಕ್ಕು. ಆನ್‌ಲೈನ್ ಕೋರ್ಸ್ ಕೊಡೋದು ಪಾಠ. ಬೂಟ್‌ಕ್ಯಾಂಪ್ ಕೊಡೋದು, ಅಥವಾ ಕೊಡಬೇಕಾದದ್ದು, ಬೆನ್ನ ಹಿಂದೆ ನಿಂತು ಮಾಡಿಸೋ ಅಭ್ಯಾಸ ಮತ್ತು ಇಂಟರ್‌ವ್ಯೂ ತನಕ ಕರೆದೊಯ್ಯೋ ದಾರಿ. ಹಾಗಾಗಿ ಯಾವುದು ಒಳ್ಳೇದು ಅಂತ ಕೇಳಬೇಡಿ. ನನ್ನ ಹತ್ರ ಈ ಮೂರರಲ್ಲಿ ಯಾವುದಿಲ್ಲ ಅಂತ ಕೇಳಿಕೊಳ್ಳಿ.

ಲೆಕ್ಕಕ್ಕೆ ಒಬ್ಬ ಹುಡುಗಿಯನ್ನ ಇಟ್ಟುಕೊಳ್ಳೋಣ. ಹಾವೇರಿ ಜಿಲ್ಲೆಯವಳು. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯ ಗುಮಾಸ್ತ. ಮಗಳು ಬಿಎಸ್ಸಿ ಮುಗಿಸಿದ್ದಾಳೆ. ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್, ಶೇಕಡಾ 68. ಬೆಂಗಳೂರಿನ ಒಂದು ಬೂಟ್‌ಕ್ಯಾಂಪಿನಿಂದ ಫೋನ್ ಬಂದಿದೆ. ಫೀಸು 2,40,000 ರೂಪಾಯಿ. ತಿಂಗಳಿಗೆ 10,000ದಂತೆ 24 ಕಂತು. ಬಡ್ಡಿ ಇಲ್ಲ ಮೇಡಂ, ಪ್ಲೇಸ್‌ಮೆಂಟ್ ತೊಂಬತ್ತು ಪರ್ಸೆಂಟ್, ಇವತ್ತು ಸಂಜೆಯೊಳಗೆ ಸೀಟ್ ಬುಕ್ ಮಾಡಿದರೆ ರಿಯಾಯಿತಿ. ಈಗ ಈ ಹುಡುಗಿ ಏನು ಮಾಡಬೇಕು?

ಮೊದಲು ಡಿಗ್ರಿ ವಿಚಾರ ಮುಗಿಸೋಣ. ಡಿಗ್ರಿ ಯಾರಿಗೂ ಕೋಡ್ ಬರೆಯೋದು ಕಲಿಸಲ್ಲ ಅನ್ನೋ ಮಾತು ಉಂಟು, ಅರ್ಧ ನಿಜಾನೂ ಹೌದು. ಆದರೆ ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರನ್ನ ತಗೊಳ್ಳೋವಾಗ ಭರ್ತಿ ಮಾಡಿಸೋ ಅರ್ಜಿಯನ್ನ ಒಮ್ಮೆ ನೋಡಿ. ಹತ್ತನೇ ಕ್ಲಾಸಿನ ಪರ್ಸೆಂಟ್, ಪಿಯುಸಿ ಪರ್ಸೆಂಟ್, ಡಿಗ್ರಿ ಯಾವುದು, ಯಾವ ವರ್ಷ ಪಾಸು, ಬ್ಯಾಕ್‌ಲಾಗ್ ಬಾಕಿ ಇದೆಯಾ? ಎಷ್ಟೋ ಕಡೆ ಶೇಕಡಾ 60ರ ಗೆರೆ ಇರುತ್ತೆ. ಆ ಜರಡಿಯಲ್ಲಿ ನಿಲ್ಲದ ಅರ್ಜಿಯನ್ನ ಮನುಷ್ಯರು ಓದೋದೇ ಇಲ್ಲ. ನಿಮಗೆ ಕೋಡ್ ಬರುತ್ತೋ ಇಲ್ಲವೋ ಅನ್ನೋ ಪ್ರಶ್ನೆ ಏಳೋದು ಆಮೇಲೆ. ಚಿಕ್ಕ ಕಂಪನಿ, ಸ್ಟಾರ್ಟಪ್‌ಗಳಲ್ಲಿ ಈ ಹಟ ಕಡಿಮೆ. ಅಲ್ಲಿ ನೀವು ಮಾಡಿದ ಕೆಲಸ ತೋರಿಸಿ ಒಳಗೆ ಹೋಗಬಹುದು. ಆದರೆ ಮುಂದೆ ಹೊರದೇಶದ ಮಾತು ಬಂದಾಗ ಡಿಗ್ರಿ ಮತ್ತೆ ಎದುರಿಗೆ ನಿಲ್ಲುತ್ತೆ. ಅಮೆರಿಕದ ಎಚ್-1ಬಿ ವೀಸಾ ಕೇಳೋದು ಬ್ಯಾಚುಲರ್ ಡಿಗ್ರಿ ಅಥವಾ ಅದಕ್ಕೆ ಸಮಾನವಾದದ್ದು. ಡಿಗ್ರಿ ಇಲ್ಲದವರ ವಿಷಯದಲ್ಲಿ ಮೂರು ವರ್ಷದ ಅನುಭವವನ್ನ ಕಾಲೇಜಿನ ಒಂದು ವರ್ಷ ಅಂತ ಲೆಕ್ಕ ಹಿಡೀತಾರೆ. ನಾಲ್ಕು ವರ್ಷದ ಡಿಗ್ರಿಗೆ ಹನ್ನೆರಡು ವರ್ಷ ದುಡಿದು ತೋರಿಸಬೇಕು!

ಅಂದರೆ ಪಿಯುಸಿ ಮುಗಿಸಿದ ಹುಡುಗನೊಬ್ಬ ಡಿಗ್ರಿ ಬಿಟ್ಟು ಬೂಟ್‌ಕ್ಯಾಂಪ್ ಸೇರ್ತೀನಿ ಅಂದರೆ, ಬೇಡಪ್ಪ ಅನ್ನಿ. ಎಂಜಿನಿಯರಿಂಗ್ ಆಗದಿದ್ದರೆ ಬಿಸಿಎ, ಬಿಎಸ್ಸಿ ಇದೆ. ಮನೆಯಲ್ಲೇ ಇದ್ದು ಓದಬೇಕು ಅಂದರೆ ಮದ್ರಾಸ್ ಐಐಟಿ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಪದವಿ ಇದೆ. ಅದಕ್ಕೆ ಜೆಇಇ ಬೇಡ. ಅವರೇ ಕೆಲವು ವಾರ ಪಾಠ ಮಾಡಿ, ಅದರ ಮೇಲೆ ಪರೀಕ್ಷೆ ಇಟ್ಟು ಸೇರಿಸಿಕೊಳ್ತಾರೆ. ಪಾಠ ಆನ್‌ಲೈನ್, ಆದರೆ ಮುಖ್ಯ ಪರೀಕ್ಷೆಗೆ ಕೇಂದ್ರಕ್ಕೆ ಹೋಗಿ ಕೂರಬೇಕು. ನಡುವೆ ಬಿಟ್ಟರೂ ಆವರೆಗೆ ಮುಗಿಸಿದ ಹಂತದ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಕೈಯಲ್ಲಿರುತ್ತೆ.

ನಮ್ಮ ಹಾವೇರಿ ಹುಡುಗಿಗೆ ಈ ಚಿಂತೆ ಇಲ್ಲ. ಡಿಗ್ರಿ ಇದೆ, 68 ಇದೆ, ಗೆರೆ ದಾಟಿದ್ದಾಳೆ. ಅವಳಿಗೆ ಇಲ್ಲದಿರೋದು ಕೆಲಸ ಮಾಡೋ ಕೈ. ಅದಕ್ಕೆ 2,40,000 ಕೊಡಬೇಕಾ?

ಆ ತೊಂಬತ್ತು ಪರ್ಸೆಂಟ್ ಹೇಗೆ ಬರುತ್ತೆ ಅಂತ ಬಿಡಿಸಿ ನೋಡೋಣ. ಒಂದು ಬ್ಯಾಚಿಗೆ 100 ಜನ ಸೇರಿದರು ಅಂದ್ಕೊಳ್ಳಿ. ನಡುವೆ 40 ಜನ ಬಿಟ್ಟರು. ಉಳಿದದ್ದು 60. ಅವರಲ್ಲಿ 10 ಜನ ಒಳಗಿನ ಪರೀಕ್ಷೆ ಪಾಸಾಗಲಿಲ್ಲ, ಅವರನ್ನ ಪ್ಲೇಸ್‌ಮೆಂಟಿಗೆ ಅರ್ಹರಲ್ಲ ಅಂತ ಪಕ್ಕಕ್ಕಿಟ್ಟರು. ಉಳಿದ 50ರಲ್ಲಿ 45 ಜನಕ್ಕೆ ಏನೋ ಒಂದು ಕೆಲಸ ಸಿಕ್ಕಿತು. 50ಕ್ಕೆ 45 ಅಂದರೆ ತೊಂಬತ್ತು ಪರ್ಸೆಂಟ್. ಸುಳ್ಳಾ? ಅಲ್ಲ. ಆದರೆ ದುಡ್ಡು ಕಟ್ಟಿದ್ದು 100 ಜನ, ಕೆಲಸ ಸಿಕ್ಕಿದ್ದು 45 ಜನಕ್ಕೆ. ಆ 45ರೊಳಗೆ ಮೂರು ತಿಂಗಳ ಇಂಟರ್ನ್‌ಶಿಪ್ ಎಷ್ಟು, ಕಸ್ಟಮರ್ ಸಪೋರ್ಟ್ ಎಷ್ಟು, ಅದೇ ಸಂಸ್ಥೆಯಲ್ಲಿ ಮುಂದಿನ ಬ್ಯಾಚಿಗೆ ಪಾಠ ಹೇಳೋ ಕೆಲಸ ಎಷ್ಟು? ಅದನ್ನ ಕೇಳದೇ ಹೇಳೋರಿಲ್ಲ.

ಇದು ಬರೀ ಅನುಮಾನದ ಮಾತಲ್ಲ. ಅಮೆರಿಕದಲ್ಲಿ ಲ್ಯಾಂಬ್ಡಾ ಸ್ಕೂಲ್ ಅಂತ ಭಾರಿ ಹೆಸರು ಮಾಡಿದ ಬೂಟ್‌ಕ್ಯಾಂಪ್ ಇತ್ತು, ಆಮೇಲೆ ಬ್ಲೂಮ್‌ಟೆಕ್ ಆಯ್ತು. ಮೊದಲು ಕಲೀರಿ, ಕೆಲಸ ಸಿಕ್ಕಮೇಲೆ ಸಂಬಳದಲ್ಲಿ ಪಾಲು ಕೊಡಿ ಅನ್ನೋ ಪದ್ಧತಿ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಇವರ ಮೇಲೆ ಕ್ರಮ ಕೈಗೊಂಡಿತು. ಜಾಹೀರಾತಿನಲ್ಲಿ 71ರಿಂದ 86 ಪರ್ಸೆಂಟ್ ಪ್ಲೇಸ್‌ಮೆಂಟ್ ಅಂತಿದ್ದರೆ, ಅವರದೇ ಒಳಗಿನ ಲೆಕ್ಕ 50ರ ಆಸುಪಾಸು, ಕೆಲವೊಮ್ಮೆ 30ರ ತನಕ ಇಳಿದಿತ್ತು ಅಂತ ಆ ಸಂಸ್ಥೆ ಹೇಳಿತು. ಇನ್ನೂ ಒಂದು ಮಾತು ಹೇಳಿತು. ಇದು ಸಾಲ ಅಲ್ಲ ಅಂತ ವಿದ್ಯಾರ್ಥಿಗಳನ್ನ ನಂಬಿಸಿದ್ದರು, ಆದರೆ ಅದು ಸಾಲವೇ ಅಂತ.

ಈ ಸಾಲದ ಮಾತನ್ನ ನಮ್ಮೂರಿಗೂ ಅನ್ವಯಿಸಿ. ಬಡ್ಡಿ ಇಲ್ಲದ ಕಂತು ಅಂದಾಗ ಸಾಮಾನ್ಯವಾಗಿ ಏನಾಗುತ್ತೆ ಗೊತ್ತಾ? ಒಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಸಾಲ ಮಂಜೂರು ಮಾಡಿ, ದುಡ್ಡನ್ನ ಬೂಟ್‌ಕ್ಯಾಂಪಿಗೆ ಕೊಡುತ್ತೆ. ನೀವು ಎರಡನೇ ತಿಂಗಳಿಗೆ ಬಿಟ್ಟು ಬಂದರೂ ಸಾಲ ನಿಮ್ಮ ಹೆಸರಲ್ಲೇ ಇರುತ್ತೆ. ಪಾಠ ಸರಿ ಇರಲಿಲ್ಲ ಅಂದರೆ ಫೈನಾನ್ಸಿನವರು ಕೇಳಲ್ಲ. ಕಂತು ತಪ್ಪಿದರೆ ಸಿಬಿಲ್ ಸ್ಕೋರ್ ಕೆಡುತ್ತೆ. ನಾಳೆ ಅಪ್ಪ ಜಾಮೀನು ಹಾಕಿದ್ದರೆ ಅಪ್ಪಂದೂ ಕೆಡುತ್ತೆ. ಹಾಗಾಗಿ ಫೋನಿನಲ್ಲಿ ಒಟಿಪಿ ಹೇಳೋಕೆ ಮುಂಚೆ ಒಂದು ಕಾಗದ ಕೇಳಿ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಅದರ ಹೆಸರು. ಆ್ಯಪ್ ಮೂಲಕ ಕೊಡೋ ಸಾಲಕ್ಕೆ ಅದನ್ನ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ವರ್ಷಕ್ಕೆ ನಿಜವಾದ ಖರ್ಚು ಎಷ್ಟು, ದಂಡವಿಲ್ಲದೆ ಸಾಲದಿಂದ ಹೊರಬರೋಕೆ ಎಷ್ಟು ದಿನ ಇದೆ ಅನ್ನೋದು ಅದರಲ್ಲೇ ಇರುತ್ತೆ.

ಇನ್ನು ಸಂಬಳದ ಲೆಕ್ಕ. ಹೊಸಬರಿಗೆ ವರ್ಷಕ್ಕೆ ಮೂರೂವರೆ ಲಕ್ಷ ಅಂತ ಇಟ್ಟುಕೊಳ್ಳಿ. ಕೈಗೆ ಬರೋದು ಸುಮಾರು 25,000. ಕಂತು 10,000. ಪಿಜಿ, ಊಟ ಸೇರಿ 9,000. ಉಳಿದ 6,000ದಲ್ಲಿ ಬಸ್ಸು, ಫೋನು, ಊರಿಗೆ ಹೋಗಿ ಬರೋ ಖರ್ಚು. ಕೆಲಸ ಸಿಕ್ಕಿದರೆ ಈ ಕಥೆ. ಸಿಗದಿದ್ದರೆ ಆ ಹತ್ತು ಸಾವಿರ ಹೊರೆಯೋದು ಬ್ಯಾಡಗಿಯ ಗುಮಾಸ್ತನ ಸಂಬಳದಿಂದ.

ಹಾಗಾದರೆ ಪುಕ್ಕಟೆ ಆನ್‌ಲೈನೇ ಸಾಕಾ? ಪಾಠದ ಗುಣದಲ್ಲಿ ಕೊರತೆ ಇಲ್ಲ ಸ್ವಾಮಿ. ಹಾರ್ವರ್ಡಿನ CS50 ಪಾಠ ಉಚಿತ. freeCodeCamp ಉಚಿತ. ನಮ್ಮ ಐಐಟಿ ಪ್ರೊಫೆಸರುಗಳ NPTEL ಪಾಠವೂ ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಬರೀಬೇಕು. ಕೊರತೆ ಇರೋದು ನಮ್ಮಲ್ಲಿ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸುಗಳ ಲೆಕ್ಕ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂರು ಜನ. ದುಡ್ಡು ಕಟ್ಟಿ ಸರ್ಟಿಫಿಕೇಟಿಗೆ ಹೆಸರು ಬರೆಸಿದವರಲ್ಲಿ ಮಾತ್ರ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮುಗಿಸಿದ್ದರು.

ಇನ್ನೊಂದು ಮೋಸ ಇದೆ, ಅದು ನಮಗೆ ನಾವೇ ಮಾಡಿಕೊಳ್ಳೋದು. ವಿಡಿಯೋ ನೋಡ್ತಾ ಅವರು ಬರೆದ ಹಾಗೆ ಬರೀತಾ ಹೋದರೆ ಎಲ್ಲಾ ಅರ್ಥವಾದ ಹಾಗೆ ಅನಿಸುತ್ತೆ. ವಿಡಿಯೋ ನಿಲ್ಲಿಸಿ, ಖಾಲಿ ಫೈಲ್ ತೆಗೆದು ಕೂತರೆ ಮೊದಲ ಸಾಲು ಹೊಳೆಯಲ್ಲ. ಈಜೋದನ್ನ ದಡದಲ್ಲಿ ನಿಂತು ನೋಡಿದ ಹಾಗೆ. ಕಲಿತಿದ್ದೀರೋ ಇಲ್ಲವೋ ಅನ್ನೋದಕ್ಕೆ ಆ ಖಾಲಿ ಫೈಲೇ ಪರೀಕ್ಷೆ.

ಅದಕ್ಕೇ ಆ ಹುಡುಗಿಗೆ ನಾನು ಹೇಳೋದು ಇಷ್ಟು. ಒಂದು ರೂಪಾಯಿ ಕಟ್ಟೋಕೆ ಮುಂಚೆ ಎಂಟು ವಾರ ತಗೋ. ದಿನಕ್ಕೆ ಎರಡು ಗಂಟೆ, ಒಂದೇ ಒಂದು ಉಚಿತ ಕೋರ್ಸು. ನಾಲ್ಕನೇ ವಾರದಿಂದ ಅಪ್ಪನ ಅಂಗಡಿ ಲೆಕ್ಕಕ್ಕೆ ಒಂದು ಪುಟ್ಟ ಪ್ರೋಗ್ರಾಂ ಬರಿ. ಚೀಲ ಎಷ್ಟು, ತೂಕ ಎಷ್ಟು, ಕ್ವಿಂಟಾಲಿಗೆ ದರ ಎಷ್ಟು, ಹಮಾಲಿ ಕಳೆದು ರೈತನ ಕೈಗೆ ಎಷ್ಟು? ಮೊದಲು ಒಂದು ಚೀಟಿ ಬರಲಿ. ಆಮೇಲೆ ನೂರು ರೈತರ ಲೆಕ್ಕ ಉಳಿಯಲಿ, ಹೋದ ವಾರದ ಚೀಟಿ ಹುಡುಕಿದರೆ ಸಿಗಲಿ. ತೂಕದ ಜಾಗದಲ್ಲಿ ಅಪ್ಪ ತಪ್ಪಿ ಅಕ್ಷರ ಒತ್ತಿದರೆ ಪ್ರೋಗ್ರಾಂ ಕುಸಿಯದೆ, ಅಂಕಿ ಹಾಕಿ ಅಂತ ಹೇಳಲಿ. ಅಪ್ಪ ಒಂದು ವಾರ ಬಳಸಿ ಬೈದರೆ, ಆ ಬೈಗುಳವೇ ನಿನ್ನ ಮುಂದಿನ ಪಾಠ. ಅದನ್ನೆಲ್ಲ GitHub ನಲ್ಲಿ ಇಡು. ಇಂಟರ್‌ವ್ಯೂನಲ್ಲಿ ಇದನ್ನ ಯಾಕೆ ಹೀಗೆ ಮಾಡಿದೆ ಅಂತ ಕೇಳಿದಾಗ ಉತ್ತರ ಬಾಯಿಪಾಠ ಮಾಡಬೇಕಿಲ್ಲ.

ಎಂಟು ವಾರದ ಕೊನೆಗೆ ಮೂರರಲ್ಲಿ ಒಂದು ಆಗುತ್ತೆ. ಪ್ರೋಗ್ರಾಂ ನಡೀತಿದೆ, ಕಲಿಯೋ ಹಸಿವು ಹೆಚ್ಚಿದೆ ಅಂದರೆ ಬೂಟ್‌ಕ್ಯಾಂಪ್ ಬೇಕಿಲ್ಲ. ಅದೇ ದಾರಿಯಲ್ಲಿ ಇನ್ನಾರು ತಿಂಗಳು ಹೋಗು, ಜೊತೆಗೆ ಪಿಜಿಸಿಇಟಿ ಬರೆದು ಎರಡು ವರ್ಷದ ಎಂಸಿಎಗೆ ಪ್ರಯತ್ನಿಸು. ಕ್ಯಾಂಪಸ್ ಇಂಟರ್‌ವ್ಯೂ ನಡೆಯೋ ಕಾಲೇಜು ಸಿಕ್ಕಿದರೆ, ಜರಡಿಯ ಇನ್ನೊಂದು ಬಾಗಿಲು ತೆರೆದ ಹಾಗೆ. ಎರಡನೇದು, ಆಸಕ್ತಿ ಇದೆ, ಆದರೆ ಸಿಕ್ಕಿಕೊಂಡ ಕಡೆ ಬಿಡಿಸೋರಿಲ್ಲದೆ ನಿಂತಿದೆ ಅಂದರೆ, ಆಗ ಬೂಟ್‌ಕ್ಯಾಂಪಿಗೆ ಅರ್ಥ ಇದೆ. ಮೂರನೇದು, ಎರಡನೇ ವಾರಕ್ಕೇ ಬೇಜಾರಾಯ್ತು ಅಂದರೆ 2,40,000 ಉಳೀತು. ಅದೂ ಲಾಭವೇ.

ಬೂಟ್‌ಕ್ಯಾಂಪಿಗೆ ಹೋಗೋದೇ ಆದರೆ ಮೂರು ಮಾತು ಕೇಳಿ, ಉತ್ತರವನ್ನ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಹಿಂದಿನ ಬ್ಯಾಚಿಗೆ ದುಡ್ಡು ಕಟ್ಟಿ ಸೇರಿದವರು ಎಷ್ಟು, ಅವರಲ್ಲಿ ಕೋಡ್ ಬರೆಯೋ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ? ನಾನು ಬರೆದ ಕೋಡನ್ನ ವಾರಕ್ಕೆ ಎಷ್ಟು ಸಲ ಓದಿ ತಿದ್ದುತ್ತಾರೆ, ತಿದ್ದೋರು ಎಲ್ಲಿ ಕೆಲಸ ಮಾಡಿದವರು? ನಡುವೆ ಬಿಟ್ಟರೆ ಎಷ್ಟು ವಾಪಸ್ಸು, ಸಾಲ ಮುಚ್ಚೋರು ಯಾರು? ಅವರು ತೋರಿಸೋ ಗೆದ್ದ ಹುಡುಗರ ಜೊತೆ ಮಾತಾಡಿದರೆ ಸಾಲದು. ನಡುವೆ ಬಿಟ್ಟವರನ್ನ ಹುಡುಕಿ ಮಾತಾಡಿಸಿ. ನಿಜ ಇರೋದು ಅವರ ಹತ್ರ.

ಇವತ್ತು ಸಂಜೆಯೊಳಗೆ ಅಂತ ಅವಸರ ಮಾಡಿದರೆ ಹೇಳಿ, ನಾಳೆ ಬೆಳಗ್ಗೆಯೂ ನಿಮ್ಮ ಸೀಟು ಇರುತ್ತೆ, ನನಗೆ ಗೊತ್ತು ಅಂತ. ಆಮೇಲೆ ಫೋನಿಟ್ಟು ಖಾಲಿ ಫೈಲ್ ತೆಗೀರಿ.