ಸಮಬೆಲೆಗಳ ಮುಂದೆ ಕ್ವಿಕ್‌ಸಾರ್ಟ್

ಕ್ವಿಕ್‌ಸಾರ್ಟ್ ಒಂದು ಸಂಖ್ಯೆಯನ್ನು ಪಿವಟ್ ಎಂದು ಆರಿಸಿ, ಅದಕ್ಕಿಂತ ಚಿಕ್ಕವನ್ನು ಎಡಕ್ಕೂ ದೊಡ್ಡವನ್ನು ಬಲಕ್ಕೂ ಸರಿಸಿ, ಎರಡೂ ಭಾಗಗಳಲ್ಲಿ ಇದನ್ನೇ ಪುನರಾವರ್ತಿಸುತ್ತದೆ. ಮೊದಲೇ ಏರಿಕೆಯಲ್ಲಿರುವ ಪಟ್ಟಿಯಲ್ಲಿ ಕೊನೆಯ ಸಂಖ್ಯೆಯೇ ಪಿವಟ್ ಆದರೆ ಬಲಭಾಗ ಬರಿದಾಗುತ್ತದೆ. ಪಿವಟ್ಟನ್ನು ಯಾದೃಚ್ಛಿಕವಾಗಿ ಆರಿಸುವುದು ಇದಕ್ಕೆ ಪರಿಹಾರ.

ಆದರೆ 10,000 ವಿದ್ಯಾರ್ಥಿಗಳನ್ನು ತರಗತಿಯ ಪ್ರಕಾರ ವಿಂಗಡಿಸುವಾಗ ಎಲ್ಲರೂ 10ನೇ ತರಗತಿಯವರೇ ಆಗಿದ್ದರೆ? ಆಗ ಯಾವ ಪಿವಟ್ ಆರಿಸಿದರೂ ಅಷ್ಟೇ. ಲೊಮುಟೊ ವಿಧಾನದಲ್ಲಿ ಪಿವಟ್‌ಗೆ ಸಮನಾದವೆಲ್ಲ ಒಂದೇ ಬದಿಗೆ ಸೇರುವುದರಿಂದ, ಪಟ್ಟಿ ಸುತ್ತಿಗೆ ಒಂದೇ ಸ್ಥಾನ ಕುಗ್ಗುತ್ತದೆ. ಒಟ್ಟು ಹೋಲಿಕೆಗಳು:

9,999 + 9,998 + … + 1 = 4,99,95,000

ಇಂದಿನ ಪಠ್ಯಪುಸ್ತಕಗಳ ಹೋರ್ ವಿಧಾನದಲ್ಲಿ ಎರಡು ಸೂಚಕಗಳು ಎರಡು ತುದಿಗಳಿಂದ ಹೊರಟು, ಸಮಬೆಲೆ ಕಂಡರೂ ನಿಂತು ಅದಲುಬದಲು ಮಾಡುತ್ತವೆ. ವ್ಯರ್ಥವೆನಿಸುವ ಈ ಅದಲುಬದಲಿನಿಂದಲೇ ಅವು ನಡುವೆ ಸಂಧಿಸಿ, ಪಟ್ಟಿ ಸರಿಸುಮಾರು ಅರ್ಧಕ್ಕೆ ಒಡೆಯುತ್ತದೆ. ಹೋಲಿಕೆಗಳು ಸುಮಾರು ಒಂದೂವರೆ ಲಕ್ಷಕ್ಕೆ ಇಳಿಯುತ್ತವೆ.